ಹಳೇ ಖಾತೆಗೂ ಮೂರು ರೂಪಾಯಿ ಹಾಕಿ ಅಂದೆ

ಪೀಣ್ಯದಲ್ಲಿ ನಮ್ಮದು ಟರ್ನಿಂಗ್ ಜಾಬ್ ವರ್ಕ್. ಲೆಕ್ಕಪತ್ರವೂ ನನ್ನ ತಲೆ ಮೇಲೇ. ಬ್ಯಾಂಕ್ ಬದಲಿಸಿದಾಗ ಹನ್ನೊಂದು ಕಂಪನಿಗಳಿಗೆ ಹೊಸ ಖಾತೆ ತಿಳಿಸಬೇಕಾಯಿತು. ‘ಒಂದು ಮೇಲ್, ಒಂದು ಕ್ಯಾನ್ಸಲ್ ಚೆಕ್, ಮುಗೀತಲ್ಲ’ ಅಂದರು ನಮ್ಮ ಆಡಿಟರ್. ನಾನು ಒಪ್ಪಲಿಲ್ಲ, ಯಾಕೆಂದರೆ ಅದೇ ಮೇಲ್‌ನಿಂದ ಒಮ್ಮೆ ಆರೂವರೆ ಲಕ್ಷದ ಹತ್ತಿರ ಹೋಗಿತ್ತು.

ಆಗ ಯಾರೋ ನಮ್ಮ ಮೇಲ್ ಒಳಗೇ ಹೊಕ್ಕು ಕೂತಿದ್ದರು. ಗಿರಾಕಿಯ ಪತ್ರಗಳು ನಮಗೆ ಕಾಣದ ಹಾಗೆ ಬೇರೆ ಫೋಲ್ಡರಿಗೆ ಹೋಗುವಂತೆ ರೂಲ್ ಇಟ್ಟಿದ್ದರು. ನಮ್ಮದೇ ಲೆಟರ್‌ಹೆಡ್, ನಮ್ಮದೇ ಸೀಲು, ಖಾತೆ ನಂಬರ್ ಮಾತ್ರ ಅವರದು. ಗೊತ್ತಾಗುವಷ್ಟರಲ್ಲಿ ನಾಲ್ಕು ದಿನ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ಮೇಲೆ ಸುಮಾರು ಒಂದು ಮುಕ್ಕಾಲು ಲಕ್ಷ ತಡೆಹಿಡಿದರು. ಉಳಿದದ್ದಕ್ಕೆ ಆ ಕಂಪನಿ ‘ನಿಮ್ಮ ಪತ್ರದ ಪ್ರಕಾರವೇ ಕಟ್ಟಿದ್ದೇವೆ’ ಎಂದು ಕೂತಿತು. ಕೊನೆಗೆ ಅರ್ಧ ಅವರು, ಅರ್ಧ ನಾವು.

ಹಾಗಾಗಿ ಈ ಸಲ ಪತ್ರದಲ್ಲಿ ಪೂರ್ತಿ ನಂಬರ್ ಬರೆಯಲೇ ಇಲ್ಲ. ಬ್ಯಾಂಕ್, ಶಾಖೆ, ಐಎಫ್‌ಎಸ್‌ಸಿ ಎಲ್ಲ ಹಾಕಿ, ಖಾತೆಯ ಕೊನೆಯ ನಾಲ್ಕು ಅಂಕಿಗಳ ಜಾಗ ಖಾಲಿ ಬಿಟ್ಟೆ. ಪತ್ರವನ್ನು ಹುಡುಗನ ಕೈಯಲ್ಲಿ ಕೊಟ್ಟು ಕಳಿಸಿದೆ. ‘ನಿಮ್ಮ ಹಳೇ ಪರ್ಚೇಸ್ ಆರ್ಡರಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ, ನಾಲ್ಕು ಅಂಕಿ ಹೇಳುತ್ತೇನೆ’ ಎಂದು ಕೊನೆಯ ಸಾಲು. ಫೋನ್ ನಂಬರ್ ಯಾವುದೆಂದು ಪತ್ರದಲ್ಲಿ ಬರೆಯಬಾರದು. ಬರೆದರೆ ಕಳ್ಳನೂ ತನ್ನದನ್ನೇ ಬರೆದಾನು.

ಅದರ ಮೇಲೆ ಇನ್ನೊಂದು ಬೇಡಿಕೆ ಇಟ್ಟೆ, ಎಲ್ಲರೂ ನಕ್ಕಿದ್ದು ಅದಕ್ಕೇ. ಹೊಸ ಖಾತೆಗೆ ಒಂದು ರೂಪಾಯಿ ಹಾಕಿ ಹೆಸರು ನೋಡುವುದು ಎಲ್ಲರಿಗೂ ಗೊತ್ತು. 2025ರ ಏಪ್ರಿಲ್ ಒಳಗೆ ನೆಫ್ಟ್, ಆರ್‌ಟಿಜಿಎಸ್‌ಗೂ ಹೆಸರು ತೋರಿಸುವ ಸೌಲಭ್ಯ ಕೊಡಿ ಎಂದು ಆರ್‌ಬಿಐ ಬ್ಯಾಂಕುಗಳಿಗೆ ಹೇಳಿತ್ತು. ಒಳ್ಳೇದೇ, ಯಾಕೆಂದರೆ ಹಣ ಜಮಾ ಆಗುವುದು ಬರೀ ಖಾತೆ ನಂಬರ್ ನೋಡಿಯೇ. ಆದರೆ ನಮ್ಮಂಥ ಹೆಸರು ಪೀಣ್ಯದಲ್ಲೇ ನಾಲ್ಕಿವೆ. ಹೋಲುವ ಹೆಸರಿನಲ್ಲಿ ಖಾತೆ ತೆರೆದವನಿಗೆ ಹೆಸರು ಅಡ್ಡಿಯೇ ಅಲ್ಲ.

ಅದಕ್ಕೇ ‘ಹಳೇ ಖಾತೆಗೂ ಚಿಲ್ಲರೆ ಹಾಕಿ’ ಅಂದೆ. ಹಳೆಯದಕ್ಕೆ 3 ರೂಪಾಯಿ 41 ಪೈಸೆ, ಹೊಸದಕ್ಕೆ 7 ರೂಪಾಯಿ 18 ಪೈಸೆ, ಹೀಗೆ ಅವರಿಗೆ ತೋಚಿದ ಮೊತ್ತ. ಎಷ್ಟೆಂದು ನಮಗೆ ಹೇಳಬಾರದು. ಮರುದಿನ ಅವರೇ ಫೋನ್ ಮಾಡಿ ಕೇಳುತ್ತಾರೆ, ನಾನು ಎರಡನ್ನೂ ಹೇಳಬೇಕು. ಮೇಲ್ ಕದ್ದವನಿಗೆ ನಮ್ಮ ಹಳೇ ಖಾತೆಯ ಸ್ಟೇಟ್‌ಮೆಂಟ್ ಎಲ್ಲಿಂದ ಕಾಣಬೇಕು? ಫೋನಿನಲ್ಲಿ ಕೇಳುವ ಇನ್ನೊಂದು ಪ್ರಶ್ನೆಯೂ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಡಿಜಿಟಲ್ ಸಹಿ ಹಾಕಿದ ಪಿಡಿಎಫ್ ಕಳಿಸಿ ನೋಡಿದೆ. ಎರಡು ಸಾವಿರದ ಆಸುಪಾಸು ಖರ್ಚು. ಒಬ್ಬರ ಕಂಪ್ಯೂಟರಿನಲ್ಲಿ ಸಹಿಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬಂತು. ಇನ್ನೊಬ್ಬರು ಪ್ರಿಂಟ್ ತೆಗೆದು ಫೈಲಿಗೆ ಹಾಕಿದರು. ಕಾಗದಕ್ಕಿಳಿದ ಮೇಲೆ ಡಿಜಿಟಲ್ ಸಹಿಗೂ ರಬ್ಬರ್ ಸ್ಟಾಂಪಿಗೂ ಏನು ವ್ಯತ್ಯಾಸ?

ನಾನೂ ಎಡವಿದೆ. ಟ್ಯಾಲಿಯಲ್ಲಿ ಇನ್‌ವಾಯ್ಸ್ ಕೆಳಗಿನ ಬ್ಯಾಂಕ್ ವಿವರ ಬದಲಿಸಲು ಮರೆತಿದ್ದೆ. ಹೊಸೂರಿನ ಕಂಪನಿಯ ಹುಡುಗಿ ತಮ್ಮ ದಾಖಲೆಗೂ ಬಿಲ್ಲಿಗೂ ತಾಳೆಯಾಗಲಿಲ್ಲವೆಂದು ಎರಡು ವಾರ ಪೇಮೆಂಟ್ ನಿಲ್ಲಿಸಿದಳು. ಅವಳದೇ ಸರಿ. ಇನ್ನೊಂದು ಕಡೆ ಕಂಪನಿಯ ವೆಂಡರ್ ಪಟ್ಟಿಯಲ್ಲಿ ಹೊಸ ಖಾತೆ ಕೂತಿತ್ತು, ಆದರೆ ಅವರ ಬ್ಯಾಂಕಿನ ಪೋರ್ಟಲ್‌ನಲ್ಲಿ ಬೆನಿಫಿಷಿಯರಿ ಹಳೆಯದೇ ಉಳಿದಿತ್ತು. ಸುಮಾರು ಎರಡು ಲಕ್ಷ ಹಳೇ ಖಾತೆಗೇ ಬಂತು. ಕನಿಷ್ಠ ಆರು ತಿಂಗಳು ಮುಚ್ಚಬಾರದೆಂದು ಅದನ್ನು ಜೀವಂತ ಇಟ್ಟಿದ್ದರಿಂದ ಬಚಾವು. ಮಿನಿಮಮ್ ಬ್ಯಾಲೆನ್ಸಿಗೆ ದುಡ್ಡು ಸುಮ್ಮನೆ ಕೂತಿದೆ ಎಂದು ಗೊಣಗುತ್ತಿದ್ದ ನಮ್ಮಣ್ಣ ಅವತ್ತಿಂದ ಆ ಮಾತೆತ್ತಿಲ್ಲ.

ಮೊದಲ ಪೇಮೆಂಟ್ ಚಿಕ್ಕ ಬಿಲ್ಲಿನದೇ ಇರಲಿ ಎಂದು ಎಲ್ಲರಿಗೂ ಹೇಳಿದ್ದೆ. ಹಣ ಕಳಿಸಿದ್ದರ ಯುಟಿಆರ್ ನಂಬರ್ ಕೊಟ್ಟರು, ನಾನು ಸ್ಟೇಟ್‌ಮೆಂಟ್ ನೋಡಿ ಹೂಂ ಅಂದ ಮೇಲೆ ದೊಡ್ಡವು ಬಿಟ್ಟರು. ಒಂಬತ್ತು ಕಂಪನಿ ಏಳೆಂಟು ವಾರದಲ್ಲಿ ಮುಗಿದವು. ಉಳಿದೆರಡಕ್ಕೆ ನಾನೇ ಹೋಗಿ ಕೂರಬೇಕಾಯಿತು.

ಮೂರನೇ ತಿಂಗಳು ಅದೇ ಹೊಸೂರಿನ ಹುಡುಗಿಗೆ ನಮ್ಮ ಹೆಸರಿನಲ್ಲಿ ಮೇಲ್ ಬಂತು: ‘ಖಾತೆ ಆಡಿಟ್‌ನಲ್ಲಿದೆ, ಸದ್ಯಕ್ಕೆ ಇಲ್ಲಿಗೆ ಹಾಕಿ.’ ವಿಳಾಸದಲ್ಲಿ ಒಂದಕ್ಷರ ಹೆಚ್ಚು. ಅವಳು ನಮ್ಮ ಈಗಿನ ಖಾತೆಗೆ ಚಿಲ್ಲರೆ ಹಾಕಿ, ‘ಎಷ್ಟು ಬಂತು ಹೇಳಿ ಸಾರ್’ ಎಂದು ಆ ಮೇಲ್‌ಗೆ ಉತ್ತರಿಸಿದಳಂತೆ. ಅತ್ತಲಿಂದ ಮತ್ತೆ ಸುದ್ದಿಯಿಲ್ಲ. ನಮ್ಮ ಸ್ಟೇಟ್‌ಮೆಂಟಿನಲ್ಲಿ ಮಾತ್ರ ಅವತ್ತಿನ 2 ರೂಪಾಯಿ 63 ಪೈಸೆ ಕೂತಿದೆ.