ನೆಗೆಟಿವ್ ಸೈಕಲ್ ಇದೆ ಅಂತ ಗೊತ್ತಾಯ್ತು, ಎಲ್ಲಿದೆ ಅಂತ ತೋರಿಸೋಕೆ ಹೋಗಿ ಎಡವಿದ್ದು

ರಾತ್ರಿ ಓಡೋ ಜಾಬ್‌ಗಳಿಗೆ ಟೈಮ್ ಹೊಂದಿಸೋ ಒಂದು ಚಿಕ್ಕ ಟೂಲ್ ಬರೆದಿದ್ದೆ. ಜನ ರೂಲ್ ಕೊಡ್ತಾರೆ, ಕ್ಲೀನಪ್ ಅನ್ನೋದು ಬ್ಯಾಕಪ್ ಶುರುವಾಗಿ 3 ಗಂಟೆ ಆದ್ರೂ ಆಗಿರ್ಬೇಕು ಆಮೇಲೇ ಶುರುವಾಗ್ಬೇಕು, ರಿಪೋರ್ಟ್ ಬ್ಯಾಕಪ್ ಶುರುವಾದ 6 ಗಂಟೆ ಒಳಗೆ ಶುರುವಾಗ್ಲೇಬೇಕು, ಈ ತರದ್ದು. ಟೂಲ್ ಎಲ್ಲಾ ರೂಲ್‌ಗೂ ಒಪ್ಪೋ ಹಾಗೆ ಟೈಮ್ ಕೊಡ್ಬೇಕು, ಆಗಲ್ಲ ಅಂದ್ರೆ ಆಗಲ್ಲ ಅನ್ಬೇಕು. ಅಷ್ಟೇ ಕೆಲಸ.

ಇದು ಶಾರ್ಟೆಸ್ಟ್ ಪಾತ್, ಅಂದ್ರೆ ಅತಿ ಕಡಿಮೆ ದೂರದ ದಾರಿ ಹುಡುಕೋ ಲೆಕ್ಕ ಅಂತ ಮೊದಲು ಹೊಳೀಲಿಲ್ಲ, ಆಮೇಲೆ ಒಂದು ರೂಲ್ ಪೇಪರ್ ಮೇಲೆ ಬರೆದು ನೋಡಿದಾಗ ಗೊತ್ತಾಯ್ತು. "ಕ್ಲೀನಪ್ 3 ಗಂಟೆ ಆದ್ರೂ ಲೇಟ್ ಆಗಿರ್ಬೇಕು" ಅಂದ್ರೆ ಬ್ಯಾಕಪ್ ಟೈಮು, ಕ್ಲೀನಪ್ ಟೈಮಲ್ಲಿ 3 ಕಳೆದ್ರೆ ಬರೋದಕ್ಕಿಂತ ಜಾಸ್ತಿ ಇರ್ಬಾರ್ದು ಅಂತ. ಪ್ರತಿ ಜಾಬ್ ಒಂದು ನೋಡ್, ಒಂದು ನೋಡಿಂದ ಇನ್ನೊಂದಕ್ಕೆ ಹೋಗೋ ಬಾಣ ಎಡ್ಜ್ ಅಂದ್ಕೊಳ್ಳಿ. ಶಾರ್ಟೆಸ್ಟ್ ಪಾತಲ್ಲಿ ಎಲ್ಲಾ ಮುಗಿದ್ಮೇಲೆ `u`ಯಿಂದ `v`ಗೆ `w` ತೂಕದಲ್ಲಿ ಹೋಗೋ ಪ್ರತಿ ಎಡ್ಜ್‌ಗೂ ನಿಜ ಆಗಿರೋ ಮಾತು ಇದೇನೇ, `dist[v] <= dist[u] + w`. ಹಾಗಾಗಿ ಕ್ಲೀನಪ್‌ನಿಂದ ಬ್ಯಾಕಪ್‌ಗೆ -3 ತೂಕದ ಒಂದು ಎಡ್ಜ್ ಹಾಕಿದ್ರೆ ಆ ರೂಲ್ ಗ್ರಾಫ್ ಒಳಗೆ ಬಂದ್ಹಾಗೆ. "ಇಷ್ಟು ಆದ್ರೂ ಆಗಿರ್ಬೇಕು" ಅನ್ನೋ ರೂಲೆಲ್ಲಾ ಹಿಂದಕ್ಕೆ ಹೋಗೋ ಮೈನಸ್ ಎಡ್ಜ್, "ಇಷ್ಟರ ಒಳಗೆ" ಅನ್ನೋದೆಲ್ಲಾ ಮುಂದಕ್ಕೆ ಹೋಗೋ ಪ್ಲಸ್ ಎಡ್ಜ್. ಕೊನೆಗೆ ಬರೋ ದೂರಗಳೇ ಜಾಬ್‌ಗಳ ಟೈಮ್.

ಮೈನಸ್ ಇರೋದ್ರಿಂದ ಮಾಮೂಲಿ ಶಾರ್ಟೆಸ್ಟ್ ಪಾತ್ ವಿಧಾನ ಆದ ಡೈಕ್‌ಸ್ಟ್ರಾ ನಡೆಯಲ್ಲ, ಅದು ಒಂದು ನೋಡನ್ನ ಒಮ್ಮೆ ಮುಗೀತು ಅಂತ ಪಕ್ಕಕ್ಕಿಟ್ರೆ ಮತ್ತೆ ತೆರೆದು ನೋಡಲ್ಲ, ಆದ್ರೆ ಇಲ್ಲಿ ಆಮೇಲೆ ಬರೋ ಒಂದು -4 ಎಡ್ಜ್ ಹಳೇ ಲೆಕ್ಕನ ಕೆಡಿಸ್ಬಹುದು. ಎಲ್ಲಾ ಎಡ್ಜ್‌ಗೂ ಒಂದೇ ದೊಡ್ಡ ನಂಬರ್ ಕೂಡಿಸಿ ಪ್ಲಸ್ ಮಾಡ್ಕೊಂಡ್ರೆ ಆಯ್ತಲ್ಲ ಅಂತ ನಾನೂ ಒಂದು ಗಂಟೆ ಯೋಚಿಸಿದ್ದೆ, ಅದೂ ಆಗಲ್ಲ, ಮೂರು ಎಡ್ಜ್ ಇರೋ ದಾರಿಗೆ ಆ ನಂಬರ್ ಮೂರು ಸಲ ಸೇರುತ್ತೆ, ಒಂದೇ ಎಡ್ಜ್ ಇರೋ ದಾರಿಗೆ ಒಂದು ಸಲ, ಯಾವುದು ಚಿಕ್ಕದು ಅನ್ನೋದೇ ಬದಲಾಗ್ಬಿಡುತ್ತೆ.

ಹಾಗಾಗಿ ಬೆಲ್‌ಮನ್-ಫೋರ್ಡ್. ಫೋರ್ಡ್ 1956ರಲ್ಲಿ, ಬೆಲ್‌ಮನ್ 1958ರಲ್ಲಿ ಬರೆದಿದ್ದು, ಬುದ್ಧಿವಂತಿಕೆ ಏನೂ ಇಲ್ಲದೆ ಮೊಂಡು ಹಿಡಿದು ಕೂತಂಗಿದೆ ಈ ವಿಧಾನ. ಎಲ್ಲಾ ಎಡ್ಜ್ ಒಂದು ಸಲ ಸುತ್ತಿ ಬರೋದು, ಎಲ್ಲಿ ದೂರ ಕಡಿಮೆ ಮಾಡೋಕಾಗುತ್ತೋ ಅಲ್ಲಿ ಕಡಿಮೆ ಮಾಡೋದು, ಇದಕ್ಕೇ ರಿಲ್ಯಾಕ್ಸ್ ಅನ್ನೋದು, ಮತ್ತೆ ಮೊದಲಿಂದ ಸುತ್ತೋದು. ಒಂದು ಸುತ್ತಲ್ಲಿ ಏನೂ ಬದಲಾಗ್ಲಿಲ್ಲ ಅಂದ್ರೆ ಮುಗೀತು. `n` ನೋಡ್ ಇದ್ದು `n`ನೇ ಸುತ್ತಲ್ಲೂ ಇನ್ನೂ ಏನಾದ್ರೂ ಕಡಿಮೆ ಆಗ್ತಾನೇ ಇದ್ರೆ, ಎಲ್ಲೋ ಸುತ್ತಿ ಸುತ್ತಿ ದೂರ ಇಳಿಸೋ ನೆಗೆಟಿವ್ ಸೈಕಲ್ ಇದೆ, ಅಂದ್ರೆ ರೂಲ್‌ಗಳು ಒಂದಕ್ಕೊಂದು ಕಚ್ಚಾಡ್ತಿವೆ ಅಂತ.

ನನ್ನ ಮೊದಲ ವರ್ಷನ್ ಇಷ್ಟಕ್ಕೇ ನಿಲ್ತಿತ್ತು. "ರೂಲ್‌ಗಳು ಹೊಂದಲ್ಲ" ಅಂತ ಒಂದು ಸಾಲು ಪ್ರಿಂಟ್. ಟೂಲ್ ಬಳಸ್ತಿದ್ದವರೊಬ್ರು ಬಂದು "ಯಾವ ರೂಲು ಹೇಳಪ್ಪ, ನೂರೈವತ್ತು ರೂಲ್ ಇದೆ ಇಲ್ಲಿ, ಒಂದೊಂದೇ ತೆಗೆದು ನೋಡ್ಲಾ?" ಅಂದ್ರು. ನ್ಯಾಯವಾದ ಪ್ರಶ್ನೆ.

ಸರಿ, ಕೊನೇ ಸುತ್ತಲ್ಲಿ ಯಾವ ನೋಡ್ ಕಡಿಮೆ ಆಯ್ತೋ ಅದು ಸೈಕಲಲ್ಲೇ ಇರುತ್ತೆ ಅಂದ್ಕೊಂಡು, ಆ ನೋಡಿಂದ ಪೇರೆಂಟ್, ಅಂದ್ರೆ ಅದನ್ನ ಕೊನೇ ಸಲ ಇಳಿಸಿದ ಎಡ್ಜ್ ಹೊರಟ ನೋಡ್, ಹಿಡ್ಕೊಂಡು ಹಿಂದಕ್ಕೆ ಹೋಗಿ, ನೋಡಿದ ನೋಡೇ ಮತ್ತೆ ಸಿಗೋವರೆಗೂ ದಾರೀಲಿ ಸಿಕ್ಕ ರೂಲೆಲ್ಲಾ ತೋರಿಸ್ಬಿಟ್ಟೆ. ಇಲ್ಲೇ ಎಡವಿದ್ದು. ಆ ದಿನದ ಕೇಸನ್ನೇ ಚಿಕ್ಕದು ಮಾಡಿ ಹೇಳ್ತೀನಿ, ಆರು ಜಾಬ್, ಆರು ರೂಲ್:

```
ಕ್ಲೀನಪ್ -> ಬ್ಯಾಕಪ್   -3
ರಿಪೋರ್ಟ್ -> ಕ್ಲೀನಪ್   -4
ಬ್ಯಾಕಪ್ -> ರಿಪೋರ್ಟ್    6
ಬ್ಯಾಕಪ್ -> ಇಂಡೆಕ್ಸ್     2
ಇಂಡೆಕ್ಸ್ -> ಸಿಂಕ್       1
ಸಿಂಕ್ -> ಮೇಲ್         3
```

ಎಲ್ಲರ ದೂರನೂ 0ಯಿಂದ ಶುರು, ಎಡ್ಜ್ ಇದೇ ಕ್ರಮದಲ್ಲಿ. ಮೊದಲ ಸುತ್ತಲ್ಲಿ ಬ್ಯಾಕಪ್ -3, ಕ್ಲೀನಪ್ -4, ಇಂಡೆಕ್ಸ್ -1 ಆಗುತ್ತೆ. ಎರಡನೇದ್ರಲ್ಲಿ ಬ್ಯಾಕಪ್ -7ಕ್ಕೆ ಇಳಿಯುತ್ತೆ, ಅದರಿಂದ ರಿಪೋರ್ಟ್ -1, ಇಂಡೆಕ್ಸ್ -5, ಸಿಂಕ್ -4, ಮೇಲ್ -1. ಮೂರನೇದ್ರಲ್ಲಿ ಕ್ಲೀನಪ್ ಒಂದೇ ಬದಲಾಗೋದು, -5. ನಾಲ್ಕನೇದ್ರಲ್ಲಿ ಆ ಒಂದು ಗಂಟೆ ಬ್ಯಾಕಪ್‌ಗೆ ಬಂದು, ಅಲ್ಲಿಂದ ರಿಪೋರ್ಟು, ಇಂಡೆಕ್ಸು, ಸಿಂಕು, ಮೇಲು ಎಲ್ಲಾ ಒಂದೊಂದು ಕಡಿಮೆ. ಐದನೇದ್ರಲ್ಲಿ ಮತ್ತೆ ಕ್ಲೀನಪ್ ಮಾತ್ರ. ಆರನೇದ್ರಲ್ಲಿ ಮತ್ತೆ ಎಲ್ಲಾ ಇಳಿದು ಕೊನೆಗೆ ಇಳಿಯೋದು ಮೇಲ್, -3ಕ್ಕೆ.

ಆರು ನೋಡು, ಆರನೇ ಸುತ್ತು, ಕೊನೆಗೆ ಸಿಕ್ಕಿದ್ದು ಮೇಲ್. ಆದ್ರೆ ಮೇಲ್ ಸೈಕಲಲ್ಲಿ ಇಲ್ವೇ ಇಲ್ಲ! ಅಲ್ಲಿಂದ ಆಚೆ ಹೋಗೋ ಎಡ್ಜೇ ಇಲ್ಲ. ಸೈಕಲ್ ಸುತ್ತಿದಾಗೆಲ್ಲಾ ಅದರ ಬಾಲಕ್ಕೆ ಕಟ್ಟಿಕೊಂಡವರೂ ಜೊತೆಗೆ ಇಳೀತಾರೆ, ಅಷ್ಟೇ. ನನ್ನ ಟೂಲ್ ಮೇಲ್‌ನಿಂದ ಶುರು ಮಾಡಿ ಆರೂ ರೂಲ್ ತೋರಿಸ್ತು, ಅದೂ ಮೊದಲ ಸಾಲಲ್ಲೇ "ಸಿಂಕ್ ಆಗಿ 3 ಗಂಟೆ ಒಳಗೆ ಮೇಲ್". ಅವರು ಅದನ್ನ 5 ಗಂಟೆ ಮಾಡಿದ್ರು, ಮತ್ತೆ ಅದೇ ಎರರ್, 8 ಮಾಡಿದ್ರು, ಮತ್ತೆ ಎರರ್, ಆಮೇಲೆ ನನ್ನ ಹತ್ರ ಬಂದ್ರು. (ಇನ್ನೂ ಕೆಟ್ಟದಾಗಿ ಬರೆದಿದ್ರೆ, ಅಂದ್ರೆ ಶುರು ಮಾಡಿದ ನೋಡಿಗೇ ವಾಪಸ್ ಬರೋವರೆಗೂ ಓಡು ಅಂತ ಬರೆದಿದ್ರೆ, ಲೂಪ್ ನಿಲ್ತಾನೇ ಇರ್ಲಿಲ್ಲ, ಮೇಲ್‌ಗೆ ವಾಪಸ್ ಬರೋ ದಾರಿ ಎಲ್ಲಿದೆ.)

ಸರಿ ಮಾಡೋಕೆ ಬೇಕಾಗಿದ್ದು ಎರಡೇ ಸಾಲು. ಸಿಕ್ಕ ನೋಡಿಂದ ಪೇರೆಂಟ್ ಹಿಡ್ಕೊಂಡು ಸುಮ್ನೆ `n` ಹೆಜ್ಜೆ ಹಿಂದಕ್ಕೆ ಹೋಗೋದು, ಏನೂ ಬರ್ಕೊಳ್ಳೋದಿಲ್ಲ. ಆಮೇಲೆ ನಿಂತ ಜಾಗದಿಂದ ಸೈಕಲ್ ಬರ್ಕೊಳ್ಳೋದು.

```python
def find_cycle(n, edges):
    dist = [0] * n
    par = [-1] * n
    for _ in range(n):
        last = -1
        for u, v, w in edges:
            if dist[u] + w < dist[v]:
                dist[v] = dist[u] + w
                par[v] = u
                last = v
        if last == -1:
            return None
    x = last
    for _ in range(n):
        x = par[x]
    cyc, y = [x], par[x]
    while y != x:
        cyc.append(y)
        y = par[y]
    return cyc[::-1]
```

ಮೇಲ್‌ನಿಂದ ಆರು ಹೆಜ್ಜೆ: ಸಿಂಕ್, ಇಂಡೆಕ್ಸ್, ಬ್ಯಾಕಪ್, ಕ್ಲೀನಪ್, ರಿಪೋರ್ಟ್, ಬ್ಯಾಕಪ್. ಬ್ಯಾಕಪ್ ಹತ್ರ ನಿಂತ್ವಿ, ಸೈಕಲ್ ಒಳಗೇ ಇದೀವಿ. ಹಿಂದಕ್ಕೆ ಹೋಗ್ತಾ ಹೋಗ್ತಾ ಪೇರೆಂಟ್ ಇಲ್ಲದ ನೋಡಿಗೆ ಬಂದು -1 ಸಿಕ್ಕಿದ್ರೆ ಏನ್ಮಾಡೋದು ಅಂತ ನನಗೆ ಭಯ ಇತ್ತು, ಆದ್ರೆ ಅದು ಆಗಲ್ಲ. ಒಂದು ನೋಡ್ 6ನೇ ಸುತ್ತಲ್ಲಿ ಇಳೀತು ಅಂದ್ರೆ ಅದರ ಪೇರೆಂಟ್ 5ರಲ್ಲೋ 6ರಲ್ಲೋ ಇಳಿದಿರ್ಲೇಬೇಕು, ಇಲ್ಲಾಂದ್ರೆ ಈ ಎಡ್ಜ್ 5ನೇ ಸುತ್ತಲ್ಲೇ ಮುಗಿದಿರ್ತಿತ್ತು. ಹಾಗೇ ಅದರ ಪೇರೆಂಟ್ 4ರಲ್ಲಾದ್ರೂ. ಹೀಗೆ ಒಂದೊಂದು ಹೆಜ್ಜೆಗೆ ಸುತ್ತಿನ ಲೆಕ್ಕ ಹೆಚ್ಚಂದ್ರೆ ಒಂದು ಇಳಿಯುತ್ತೆ, ಆರು ಹೆಜ್ಜೆಗೂ ಪೇರೆಂಟ್ ಸಿಕ್ಕೇ ಸಿಗುತ್ತೆ, ಇರೋದೇ ಆರು ನೋಡ್ ಆದ್ರಿಂದ ದಾರೀಲಿ ಯಾವುದೋ ಒಂದು ಎರಡು ಸಲ ಬರ್ಲೇಬೇಕು.

ಈಗ ಟೂಲ್ ತೋರಿಸೋದು ಮೂರೇ ರೂಲ್, ಬ್ಯಾಕಪ್‌ನಿಂದ ರಿಪೋರ್ಟ್, ಅಲ್ಲಿಂದ ಕ್ಲೀನಪ್, ವಾಪಸ್ ಬ್ಯಾಕಪ್. ಕೂಡಿದ್ರೆ 6 - 4 - 3 = -1. ಮಾತಲ್ಲಿ ಹೇಳ್ಬೇಕಂದ್ರೆ ಬ್ಯಾಕಪ್ ಆಗಿ 3, ಆಮೇಲೆ 4, ಒಟ್ಟು 7 ಗಂಟೆ ಆಗದೆ ರಿಪೋರ್ಟ್ ಶುರುವಾಗೋಕಾಗಲ್ಲ, ಆದ್ರೆ 6ರ ಒಳಗೆ ಬೇಕು ಅಂದಿದ್ದಾರೆ. ನನಗೆ ತುಂಬಾ ಇಷ್ಟ ಆಗಿದ್ದು ಆ -1. ಎಷ್ಟು ಸಡಿಲ ಮಾಡ್ಬೇಕು ಅಂತ ಅದೇ ಹೇಳುತ್ತೆ, ಮೂರರಲ್ಲಿ ಯಾವುದನ್ನಾದ್ರೂ ಸರಿ, ಒಂದು ಗಂಟೆ ಬಿಟ್ಕೊಟ್ರೆ ಆ ಸೈಕಲ್ ಹೋಯ್ತು. 6ನ್ನ 7 ಮಾಡಿದ್ರೆ ಮೊತ್ತ 0, ಮೂರನೇ ಸುತ್ತಲ್ಲಿ ಏನೂ ಬದಲಾಗಲ್ಲ, ನಿಂತ್ಹೋಗುತ್ತೆ. ಬ್ಯಾಕಪ್ -7, ಕ್ಲೀನಪ್ -4, ರಿಪೋರ್ಟ್ 0, ಇಂಡೆಕ್ಸ್ -5, ಸಿಂಕ್ -4, ಮೇಲ್ -1. ಎಲ್ಲಕ್ಕೂ 7 ಕೂಡಿಸಿದ್ರೆ ಬ್ಯಾಕಪ್ 0ಕ್ಕೆ, ಕ್ಲೀನಪ್ 3ಕ್ಕೆ, ರಿಪೋರ್ಟ್ 7ಕ್ಕೆ. ಆದ್ರೆ ಒಂದು ನೆನಪಿರ್ಲಿ, ಈ ವಿಧಾನ ಪ್ರತಿ ಜಾಬನ್ನೂ ಆದಷ್ಟು ಕೊನೆಗೆ ತಳ್ಳುತ್ತೆ, ಮೇಲ್ 6ಕ್ಕೆ ಹೋಗಿ ಕೂತಿದ್ದು ಅದಕ್ಕೇ, ಬೇಗ ಮುಗೀಲಿ ಅನ್ನೋರಿಗೆ ಇದು ಇಷ್ಟ ಆಗಲ್ಲ.

ಎಲ್ಲರೂ 0ಯಿಂದ ಶುರು ಅಂದ್ನಲ್ಲ, ಅದಕ್ಕೂ ಕಾರಣ ಇದೆ. ಮೊದಲು ನಾನು ಬ್ಯಾಕಪ್‌ಗೆ ಮಾತ್ರ 0 ಕೊಟ್ಟು ಉಳಿದವರಿಗೆ ಇನ್ಫಿನಿಟಿ ಕೊಟ್ಟಿದ್ದೆ. ಬ್ಯಾಕಪ್‌ಗೆ ಸಂಬಂಧವೇ ಇಲ್ಲದ ಬೇರೆ ಗುಂಪಿನ ಜಾಬ್‌ಗಳಲ್ಲಿ ಜಗಳ ಇದ್ರೆ ಅಲ್ಲಿಗೆ ದಾರಿನೇ ತಲುಪಲ್ಲ, ಸೈಕಲ್ ಕಾಣ್ತಾನೇ ಇರ್ಲಿಲ್ಲ, ಟೂಲ್ ಎಲ್ಲಾ ಸರಿ ಅಂತಿತ್ತು. ಎಲ್ಲರಿಗೂ 0 ಕೊಡೋದು ಅಂದ್ರೆ ಎಲ್ಲಾ ನೋಡಿಗೂ 0 ತೂಕದ ಎಡ್ಜ್ ಇರೋ ಒಂದು ಸುಳ್ಳು ನೋಡಿಂದ ಹೊರಟ ಹಾಗೆ. ಒಂದೇ ನೋಡಿಂದ ದೂರ ಬೇಕಾದವರು ಇನ್ಫಿನಿಟಿ ಇಟ್ಕೊಳ್ಳಿ, ಆದ್ರೆ ಇನ್ಫಿನಿಟಿ ಬದಲು 1000000000 ತರದ ನಂಬರ್ ಇಟ್ರೆ ಅದಕ್ಕೆ -3 ಕೂಡಿಸಿದ್ದು ಅದಕ್ಕಿಂತ ಕಡಿಮೆನೇ ಅಲ್ವಾ, ತಲುಪದೇ ಇರೋ ನೋಡೂ ತಲುಪಿದ ಹಾಗೆ ಇಳಿಯೋಕೆ ಶುರುವಾಗುತ್ತೆ, `u` ತಲುಪಿದೆಯಾ ಅಂತ ಮೊದಲು ಚೆಕ್ ಮಾಡ್ಬೇಕು.

ಕೊನೇದಾಗಿ ಸಿಕ್ಕ ಬಗ್ ನನ್ನ ಎರಡು ದಿನ ತಿಂತು. ಯಾರೋ ಗಂಟೆನ ದಶಾಂಶದಲ್ಲಿ ಕೊಟ್ಟಿದ್ರು, 0.1, 0.2, 0.3, ಅಂದ್ರೆ 6 ನಿಮಿಷ, 12 ನಿಮಿಷ, 18 ನಿಮಿಷ. 6 ಪ್ಲಸ್ 12 ಸರಿಯಾಗಿ 18, ರೂಲ್ ಹೊಂದುತ್ತೆ. ಟೂಲ್ ಮಾತ್ರ ಹೊಂದಲ್ಲ ಅಂತ ಹಠ. ಸೈಕಲ್ ಮೊತ್ತ ಪ್ರಿಂಟ್ ಮಾಡಿಸಿ ನೋಡಿದೆ:

```python
>>> 0.3 - 0.1 - 0.2
-2.7755575615628914e-17
```

ನೆಗೆಟಿವ್ ಅಂತೆ! ಒಂದು ಚಿಟಿಕೆ ಎಪ್ಸಿಲಾನ್ ಹಾಕಿ ತೇಪೆ ಹಚ್ಚೋದು ಬಿಟ್ಟು, ಒಳಗೆ ಎಲ್ಲಾನೂ ನಿಮಿಷದ ಪೂರ್ಣಾಂಕ ಮಾಡ್ಕೊಂಡೆ, 18 - 6 - 12 ಯಾವ ಕ್ರಮದಲ್ಲಿ ಕಳೆದ್ರೂ 0.

ಇನ್ನೂ ಒಂದು ಕೊರತೆ ಹಾಗೇ ಇದೆ. ಒಂದು ಸಲಕ್ಕೆ ಒಂದೇ ಸೈಕಲ್ ಸಿಗೋದು, ಅದೂ ಎಡ್ಜ್ ಬರೆದಿರೋ ಕ್ರಮದ ಮೇಲೆ, ಅದೇ ಅತಿ ಚಿಕ್ಕದು ಅಂತಾಗ್ಲಿ ಅತಿ ಕೆಟ್ಟದ್ದು ಅಂತಾಗ್ಲಿ ಏನಿಲ್ಲ. ಮೂರು ಕಡೆ ಜಗಳ ಇದ್ರೆ ಮೂರು ಸಲ ಸರಿ ಮಾಡಿ ಮೂರು ಸಲ ಓಡಿಸ್ಬೇಕು. ಅವರು ಅದಕ್ಕೂ ಗೊಣಗ್ತಾರೆ, ಆದ್ರೆ ಈಗ ತೋರಿಸೋ ರೂಲ್‌ನ ತಿದ್ದಿದ್ರೆ ಆ ಎರರ್ ನಿಜವಾಗ್ಲೂ ಹೋಗುತ್ತೆ.