ಮೂರು ಬಣ್ಣದ ಪಟ್ಟಿ ಗಲ್ಲನ್ನು ಜೀವಾವಧಿ ಮಾಡಿಸಿತು: ನನ್ನ ಅನುಭವ

"ತಡ ಆಯ್ತು ಅಂತ ಗಲ್ಲು ತಪ್ಪೋದಾದ್ರೆ ಯಾರನ್ನೂ ನೇಣಿಗೆ ಹಾಕೋ ಹಾಗೇ ಇಲ್ಲ ಬಿಡಯ್ಯಾ" ಎಂದು ನಮ್ಮ ಸೀನಿಯರ್ ನಕ್ಕಿದ್ದರು. ಕಕ್ಷಿದಾರನ ಬಡತನ, ಜೈಲಿನ ನಡತೆ ಬರೆ ಎಂದರು. ನಾನು ಬರೀ ಅವನ ಕ್ಷಮಾದಾನ ಅರ್ಜಿ ತೀರ್ಮಾನವಾಗದೆ ಬಿದ್ದಿದ್ದ ತಾರೀಖು ಹಿಡಿದು ಕೂತೆ. ಕೊನೆಗೆ ಕೆಲಸಕ್ಕೆ ಬಂದದ್ದು ತಾರೀಖೇ.

ತಡದ ಕಾರಣಕ್ಕೆ ಗಲ್ಲು ಇಳಿಸಿ ಎಂದು ಹಾಕಿದ ಮೊದಲ ರಿಟ್ ಅರ್ಜಿ ಮಾತ್ರ ಮಕಾಡೆ ಬಿತ್ತು. ತಪ್ಪು ನನ್ನದೇ. ಸೆಷನ್ಸ್ ತೀರ್ಪಿನಿಂದ ಲೆಕ್ಕ ಶುರು ಮಾಡಿ ಹದಿಮೂರು ವರ್ಷ ಎಂದು ಜೋರಾಗಿ ಬರೆದಿದ್ದೆ. ನ್ಯಾಯಮೂರ್ತಿಗಳು ಎರಡೇ ನಿಮಿಷದಲ್ಲಿ ನಿಲ್ಲಿಸಿದರು. ಕೋರ್ಟುಗಳಲ್ಲಿ ಕಳೆದ ಸಮಯ ಲೆಕ್ಕಕ್ಕಿಲ್ಲ ಎಂದು ಸುಪ್ರೀಂ ಕೋರ್ಟಿನ 1989ರ ತ್ರಿವೇಣಿಬೆನ್ ತೀರ್ಪೇ ಹೇಳಿದೆ, ಅಲ್ವಾ? ಹೊಸದಾಗಿ ಹಾಕಲು ಅನುಮತಿ ಬೇಡಿ, ಅರ್ಜಿ ವಾಪಸ್ ತಗೊಂಡು ಬಂದೆ. ಅದೃಷ್ಟಕ್ಕೆ ಅನುಮತಿಯ ಜೊತೆ ಗಲ್ಲಿಗೆ ತಡೆಯೂ ಸಿಕ್ಕಿತು.

ಎರಡನೇ ಸಲ ಕ್ಷಮಾದಾನ ಅರ್ಜಿ ಜೈಲಿನಿಂದ ಹೊರಟ ದಿನದಿಂದ, ತಿರಸ್ಕಾರವಾದದ್ದನ್ನು ಕಕ್ಷಿದಾರನಿಗೆ ಓದಿ ಹೇಳಿದ ದಿನದವರೆಗೆ ಮಾತ್ರ ಹಿಡಿದೆ. ಏಳು ವರ್ಷ ಚಿಲ್ಲರೆ. ರಾಜ್ಯಪಾಲರ ಹಂತ ಬೇಗ ಮುಗಿದಿತ್ತು. ತಡವೆಲ್ಲ ಆಮೇಲೆ, ಕಡತ ರಾಷ್ಟ್ರಪತಿಯ ಕಡೆಗೆ ಹೊರಟ ಮೇಲಿನದು.

ಕಡತದ ಓಡಾಟ ತಿಳಿಯಲು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಜೀವದ ಪ್ರಶ್ನೆ, 48 ಗಂಟೆಯಲ್ಲಿ ಕೊಡಬೇಕು ಎಂದು ಮೇಲೇ ಬರೆದಿದ್ದೆ. ಮೊದಲು ಬಂದ ಉತ್ತರ "ಮಂತ್ರಿಮಂಡಲದ ಸಲಹೆ, ಕೊಡಲಾಗದು". ರಾಷ್ಟ್ರಪತಿಗೆ ಏನು ಸಲಹೆ ಹೋಯಿತು ಎಂದು 74(2)ನೇ ವಿಧಿಯಂತೆ ಕೋರ್ಟೂ ಕೇಳುವಂತಿಲ್ಲ. ಹಾಗಾಗಿ ಮೇಲ್ಮನವಿಯಲ್ಲಿ ಸಲಹೆಯ ಸುದ್ದಿಗೇ ಹೋಗಲಿಲ್ಲ. ಕಡತ ಯಾವ ಮೇಜಿಗೆ ಯಾವ ದಿನ ಬಂತು, ಯಾವ ದಿನ ಹೋಯಿತು, ಅಷ್ಟೇ ಕೇಳಿದೆ. ಅದು ಸಿಕ್ಕಿತು. ಕೇಳಿದ ವಾಕ್ಯ ಹೇಗಿತ್ತು ಎಂದು ಮಾತ್ರ ಇಲ್ಲಿ ಬರೆಯಲ್ಲ, ಇನ್ನೊಂದು ಕೇಸಿಗೆ ಬೇಕು. ಇದರ ಪಕ್ಕ ಜೈಲಿನ ಆವಕ-ಜಾವಕ ರಿಜಿಸ್ಟರ್ ಇಟ್ಟು ತಾಳೆ ನೋಡಿದೆ.

ಆಮೇಲೆ ಉದ್ದನೆಯ ಹಾಳೆಯಲ್ಲಿ ಮೂರು ಬಣ್ಣ ಬಳಿದೆ. ಕಾಗದಪತ್ರ ನಿಜವಾಗಿ ಓಡಾಡಿದ ದಿನಗಳಿಗೆ ಹಸಿರು, ಸುಮಾರು ಒಂದೂವರೆ ವರ್ಷ. ನಮ್ಮಿಂದಲೇ ಆದ ತಡಕ್ಕೆ ನೀಲಿ, ಹತ್ತು ತಿಂಗಳಿರಬಹುದು. ಒಂದು ಷರಾ ಕೂಡ ಇಲ್ಲದೆ ಕಡತ ಸುಮ್ನೆ ಬಿದ್ದಿದ್ದಕ್ಕೆ ಕೆಂಪು. ಅದು ಐದು ವರ್ಷಕ್ಕೆ ಸ್ವಲ್ಪ ಕಮ್ಮಿ. ಕೆಂಪಿನಲ್ಲಿ ಒಂದೇ ಪಟ್ಟೆ 26 ತಿಂಗಳದ್ದು. ಅದು ಮುಗಿದದ್ದು ಹೇಗೆ ಗೊತ್ತಾ? ತೀರ್ಪಿನ ಪ್ರತಿ ಕಳಿಸಿ ಎಂಬ ಪತ್ರದಿಂದ. ಆ ಪ್ರತಿ ಮೊದಲ ದಿನವೇ ಅರ್ಜಿಯ ಜೊತೆ ಹೋಗಿತ್ತು!

ನೀಲಿ ತೋರಿಸಬೇಡ ಎಂದವರೇ ಜಾಸ್ತಿ. ಮನೆಯವರು ನಡುವೆ ಇನ್ನೊಂದು ಅರ್ಜಿ ಹಾಕಿ ಐದು ತಿಂಗಳು ತಿಂದಿದ್ದರು. ನಾನೇ ಮೊದಲು ಒಪ್ಪಿಕೊಂಡೆ. ಎದುರಿನವರ ವಾದದ ಅರ್ಧ ಅಲ್ಲೇ ಮುಗಿಯಿತು.

ಅಡ್ಡ ಪ್ರಯೋಗಗಳೂ ನಡೆದವು. ಒಂಟಿ ಸೆರೆಯ ವಾದ ಹೂಡುವ ಆಸೆ ಇತ್ತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಇಟ್ಟಿದ್ದಕ್ಕೇ 2022ರಲ್ಲಿ ಸುಪ್ರೀಂ ಕೋರ್ಟ್ ಬಿ.ಎ. ಉಮೇಶನ ಗಲ್ಲು ಇಳಿಸಿತು. ನಮ್ಮವನ ರಿಜಿಸ್ಟರ್ ನೋಡಿದರೆ ಹಗಲೆಲ್ಲ ಬೇರೆ ಕೈದಿಗಳ ಜೊತೆ ಇದ್ದ. ಕೈಬಿಟ್ಟೆ. ಮಾನಸಿಕ ಕಾಯಿಲೆ ಎನ್ನೋಣ ಎಂದರೆ ಜೈಲು ವೈದ್ಯರ ಚೀಟಿಯಲ್ಲಿ ಇದ್ದದ್ದು ನಿದ್ದೆ ಮಾತ್ರೆ ಮಾತ್ರ. ಅದಕ್ಕೆ ಮೂರು ತಿಂಗಳು ದಂಡ.

ದುಡ್ಡಿನ ಕಥೆ ಕೇಳಬೇಡಿ. ಮಾಹಿತಿ ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು. ದೆಹಲಿಗೆ ಮೂರು ಸಲ ಹೋದದ್ದು, ಜೆರಾಕ್ಸ್, ಟೈಪಿಂಗ್ ಎಲ್ಲ ಸೇರಿ ಅರವತ್ತು ಸಾವಿರ ದಾಟಿತ್ತು. ಅವನ ತಾಯಿ ಕೊಟ್ಟದ್ದು ಎಂಟು ಸಾವಿರ.

ವಾದದ ದಿನ ಸರ್ಕಾರದ ವಕೀಲರು ಕೊಲೆ ಎಷ್ಟು ಘೋರ ಎಂದು ಅರ್ಧ ಗಂಟೆ ಓದಿದರು. ನಾನು 2014ರ ಜನವರಿಯ ಶತ್ರುಘ್ನ ಚೌಹಾಣ್ ತೀರ್ಪು ಇಟ್ಟೆ. 15 ಜನರ ಗಲ್ಲು ಇಳಿಸಿದ ತೀರ್ಪು ಅದು. ವೀರಪ್ಪನ್ ಕಡೆಯ ನಾಲ್ವರೂ ಅದರಲ್ಲಿದ್ದರು. ತಡದ ಪ್ರಶ್ನೆ ಬಂದಾಗ ಅಪರಾಧ ಎಂಥದ್ದು ಎಂದು ನೋಡುವಂತಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ಇಷ್ಟು ವರ್ಷಕ್ಕೆ ಇಳಿಸಲೇಬೇಕು ಎಂಬ ಗಡುವು ಮಾತ್ರ ಅಲ್ಲೂ ಇಲ್ಲ. ತಡ ವಿಪರೀತ ಆಗಿರಬೇಕು, ಅದಕ್ಕೆ ಕಾರಣ ಇರಬಾರದು. ಆ 26 ತಿಂಗಳಿಗೆ ಸರ್ಕಾರ ತನ್ನ ಆಕ್ಷೇಪಣೆಯಲ್ಲಿ ಬರೆದದ್ದು "ಪರಿಶೀಲನೆಯಲ್ಲಿತ್ತು" ಎಂದಷ್ಟೇ. "ಯಾವ ದಿನ ಪರಿಶೀಲಿಸಿದಿರಿ, ತೋರಿಸಿ" ಎಂದು ಪೀಠ ಕೇಳಿತು. ತೋರಿಸಲು ಒಂದು ಹಾಳೆಯೂ ಇರಲಿಲ್ಲ.

ಶಿಕ್ಷೆ ಜೀವಾವಧಿಗೆ ಇಳಿಯಿತು. ಬಿಡುಗಡೆ ಅಲ್ಲ, ಮಾಫಿ ಸಿಗದಿದ್ದರೆ ಸಾಯುವವರೆಗೆ ಒಳಗೇ. ಜೈಲಿಗೆ ಹೋಗಿ ಹೇಳಿದೆ. ಅವನು ಕೇಳಿದ್ದು ಒಂದೇ, "ಸಾರ್, ಇನ್ಮೇಲೆ ಬೇರೆಯವರ ಥರ ನಂಗೂ ಕೆಲಸ ಕೊಡ್ತಾರಾ?" ಸೀನಿಯರ್ ಮಾತ್ರ ಮರುವಾರ ಫೋನ್ ಮಾಡಿ ಆ ಬಣ್ಣದ ಹಾಳೆ ಕಳಿಸು ಎಂದರು. ಕಪ್ಪು-ಬಿಳುಪು ಜೆರಾಕ್ಸ್ ಕಳಿಸಿದ್ದೇನೆ.