ಕಪ್, ಚಮಚ, ಗ್ರಾಂ: ಹೊಸದಾಗಿ ಕೇಕ್ ಮಾಡುವವರಿಗೆ

ಕಪ್ ಅಳೆಯೋದು ಜಾಗವನ್ನು, ತೂಕವನ್ನಲ್ಲ. ಹಾಗಾಗಿ 240 ಮಿ.ಲೀ. ಕಪ್ಪಿನಲ್ಲಿ ಸಕ್ಕರೆ ಸುಮಾರು 200 ಗ್ರಾಂ ಹಿಡಿದರೆ, ಮೈದಾ 125 ಗ್ರಾಂ ಅಷ್ಟೇ. ಕೇಕಿಗೆ 250 ಗ್ರಾಂ ಮೈದಾ ಬೇಕು ಅಂದರೆ ಎರಡು ಕಪ್. ಆದರೆ ಕಪ್ಪನ್ನು ಹಿಟ್ಟಿನ ಡಬ್ಬಿಯೊಳಗೆ ಅದ್ದಿ ಒತ್ತಿ ತುಂಬಬೇಡಿ. ಒಂದೊಂದು ಕಪ್ಪಿಗೆ 25 ಗ್ರಾಂ ಜಾಸ್ತಿ ಬಿದ್ದರೂ ಕೇಕ್ ಒಣಗಿ ಬಿರುಕು ಬಿಡುತ್ತದೆ. ಹಿಟ್ಟನ್ನು ಸಡಿಲ ಮಾಡಿಕೊಂಡು, ಚಮಚದಿಂದ ಕಪ್ಪಿಗೆ ಹಾಕಿ, ಚಾಕುವಿನ ಬೆನ್ನಿನಿಂದ ಮೇಲೆ ಸಮ ಮಾಡಿ.

ಟೀ ಚಮಚ 5 ಮಿ.ಲೀ., ಟೇಬಲ್ ಚಮಚ 15. ಮನೆಯ ಚಮಚಗಳು ಒಂದೇ ಅಳತೆ ಇರಲ್ಲ, ಅಲ್ವಾ? ಅಡುಗೆ ಸೋಡಾಗೆ ಮಾತ್ರ ಅಳತೆ ಚಮಚವೇ ಇರಲಿ; ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ.

ಉಪ್ಪಿಟ್ಟಿನ ಒಗ್ಗರಣೆ, ಸಾರಿನ ಪುಡಿ, ಕಾಯಿತುರಿಗೆ ಕಣ್ಣಂದಾಜೇ ಸಾಕು. ರುಚಿ ನೋಡಿ ಆಮೇಲೂ ಸೇರಿಸಬಹುದು.